ವೈಫೈ ಇದೆ, ಟಿವಿ ಇದೆ, ಕಾಸ್ಟ್ ಮಾತ್ರ ಆಗುತ್ತಿಲ್ಲ

ದಾವಣಗೆರೆಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳನ್ನೂ ಬಂದ ಜಾಗದಲ್ಲೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ನನ್ನ ಕೆಲಸ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಲಾಡ್ಜು, ನರ್ಸಿಂಗ್ ಹೋಮು, ಸಣ್ಣ ಆಫೀಸುಗಳಿಗೆ ವೈಫೈ ಹಾಕಿಕೊಡುತ್ತೇನೆ. ಕೇಬಲ್ ಎಳೆಯುವುದರಿಂದ ಹಿಡಿದು ರೂಟರ್ ಸೆಟ್ಟಿಂಗ್ ತನಕ ಎಲ್ಲವನ್ನೂ ನಾನೇ ಮಾಡುತ್ತೇನೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ. ಹೋಟೆಲ್ ರೂಮಿನಲ್ಲಿ ನಿಮ್ಮ ಫೋನಿನಿಂದ ಟಿವಿಗೆ ಕಾಸ್ಟ್ ಆಗದ ಹಾಗೆ, ಅಂದರೆ ಫೋನಿನಲ್ಲಿ ಆರಿಸಿದ ವಿಡಿಯೋ ಟಿವಿಯಲ್ಲಿ ಓಡದ ಹಾಗೆ ಮಾಡುವ ಟಿಕ್ ಗುರುತು ಇದೆಯಲ್ಲ, ಅದನ್ನು ಹಾಕುವವರು ನಮ್ಮಂಥವರೇ. ಯಾಕೆ ಹಾಕುತ್ತೇವೆ, ಹಾಕಿದ ಮೇಲೆ ಏನಾಗುತ್ತದೆ, ಆ ಹೋಟೆಲಿನಲ್ಲಿ ಉಳಿದುಕೊಂಡವರು ಏನು ಮಾಡಬಹುದು, ಇಷ್ಟನ್ನು ಹೇಳುತ್ತೇನೆ.

ಮೊದಲು ನನಗೇ ಆದದ್ದು. ಸೋದರಮಾವನ ಮಗನ ಮದುವೆ ಚಿತ್ರದುರ್ಗದಲ್ಲಿತ್ತು. ಬೆಳಗಿನ ಮುಹೂರ್ತ. ಹಿಂದಿನ ರಾತ್ರಿಯೇ ಹೋಗಿ ಹೋಟೆಲಿನಲ್ಲಿ ಉಳಿದುಕೊಂಡಿದ್ದೆವು. ಜೊತೆಗೆ ಅವ್ವ ಇದ್ದರು. ಪುಣೆಯಲ್ಲಿರುವ ನನ್ನ ತಂಗಿಯ ಮಗಳನ್ನು ತೊಟ್ಟಿಲಿಗೆ ಹಾಕಿ ಆಗ ಹತ್ತು ದಿನವಾಗಿತ್ತು. ಮೊಣಕಾಲು ನೋವಿನಿಂದ ಅವ್ವ ಹೋಗಿರಲಿಲ್ಲ. ತಂಗಿ ವಿಡಿಯೋ ಕಳಿಸಿದ್ದಳು. ಫೋನಿನ ಪರದೆಯಲ್ಲಿ ಅವ್ವನಿಗೆ ಸರಿಯಾಗಿ ಕಾಣುವುದಿಲ್ಲ. "ಟಿವಿಗೆ ಹಾಕ್ತೀನಿ ಅವ್ವ" ಅಂತ ಹೇಳಿ, ಮನೆಯಿಂದ ತಂದಿದ್ದ ಹಳೆಯ ಕ್ರೋಮ್‌ಕಾಸ್ಟ್ ಸ್ಟಿಕ್ಕನ್ನು ಟಿವಿಯ ಹಿಂದೆ ಚುಚ್ಚಿದೆ. ಅರ್ಧ ಗಂಟೆ ಒದ್ದಾಡಿದೆ. ಆಗಲಿಲ್ಲ. ಅವ್ವ ನಿದ್ದೆ ಹೋದರು.

ಇಡೀ ದಿನ ಇದೇ ಕೆಲಸ ಮಾಡುವ ನನಗೆ ಕಾರಣ ಗೊತ್ತಿತ್ತು. ಗೊತ್ತಿದ್ದೂ ಅವತ್ತು ಕೈಯಲ್ಲಿ ಸಲಕರಣೆ ಇರಲಿಲ್ಲ. ಆ ಬೇಜಾರು ನನಗೆ ಇನ್ನೂ ಇದೆ.

ಈಗ ಕಾರಣಕ್ಕೆ ಬರೋಣ. ಕಾಸ್ಟ್ ಬಟನ್ ಒತ್ತಿದರೆ ಏನಾಗುತ್ತದೆ? ಫೋನಿನಲ್ಲಿರುವ ಚಿತ್ರ ಗಾಳಿಯಲ್ಲಿ ಹಾರಿ ಟಿವಿಗೆ ಹೋಗುತ್ತದೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಸ್ಕ್ರೀನ್ ಮಿರರಿಂಗ್‌ನಲ್ಲಿ ಹಾಗೆಯೇ ಆಗುತ್ತದೆ. ಯೂಟ್ಯೂಬ್, ಗೂಗಲ್ ಫೋಟೋಸ್ ಥರದ ಆಪ್‌ಗಳಿಂದ ಕಾಸ್ಟ್ ಮಾಡಿದಾಗ ಹಾಗಲ್ಲ. ಅಲ್ಲಿ ಫೋನ್ ಬರೀ ರಿಮೋಟ್. "ಈ ವಿಡಿಯೋ ಇಂಥ ಕಡೆ ಇದೆ, ತಗೊಂಡು ಓಡಿಸು" ಅಂತ ಸ್ಟಿಕ್ಕಿಗೆ ಹೇಳುತ್ತದೆ. ಸ್ಟಿಕ್ ತಾನೇ ಇಂಟರ್ನೆಟ್ಟಿಗೆ ಹೋಗಿ ವಿಡಿಯೋ ತರುತ್ತದೆ.

ಹಾಗಾದರೆ ಎರಡು ದಾರಿ ತೆರೆದಿರಬೇಕು. ಫೋನಿನಿಂದ ಸ್ಟಿಕ್ಕಿಗೆ ಒಂದು. ಸ್ಟಿಕ್ಕಿನಿಂದ ಇಂಟರ್ನೆಟ್ಟಿಗೆ ಇನ್ನೊಂದು. ಹೋಟೆಲ್ ವೈಫೈ ಇವೆರಡನ್ನೂ ಮುಚ್ಚಿರುತ್ತದೆ, ಬೇರೆ ಬೇರೆ ಕಾರಣಕ್ಕೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ತೊಂದರೆ ಹುಡುಕುವಾಗ ಕೆಲಸಕ್ಕೆ ಬರುತ್ತದೆ.

ಮೊದಲ ದಾರಿ ನೋಡೋಣ. ಸ್ಟಿಕ್ ಎಲ್ಲಿದೆ ಅಂತ ಫೋನಿಗೆ ಮುಂಚೆ ಗೊತ್ತಿರುವುದಿಲ್ಲ. ಹಾಗಾಗಿ ಅದು ನೆಟ್‌ವರ್ಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಒಂದು ಸಲ ಕೂಗುತ್ತದೆ. ಈ ಕೂಗು ಹೋಗುವುದು 224.0.0.251 ಎಂಬ ವಿಳಾಸಕ್ಕೆ, 5353 ಎಂಬ ಪೋರ್ಟಿಗೆ. `_googlecast._tcp.local` ಹೆಸರಿನವರು ಯಾರಾದರೂ ಇದ್ದೀರಾ ಅಂತ ಕೇಳುತ್ತದೆ. ಸ್ಟಿಕ್ ಅದೇ ನೆಟ್‌ವರ್ಕಿನಲ್ಲಿದ್ದರೆ "ನಾನಿದ್ದೇನೆ, ನನ್ನ ವಿಳಾಸ ಇದು" ಅನ್ನುತ್ತದೆ. ಆಗ ಮಾತ್ರ ನಿಮ್ಮ ಆಪ್‌ನಲ್ಲಿ ಆ ಚೌಕದ ಕಾಸ್ಟ್ ಗುರುತು ಮೂಡುತ್ತದೆ. ನೀವು ಗುರುತು ಒತ್ತಿದ ಮೇಲೆ ಫೋನು ಸ್ಟಿಕ್ಕಿನ 8009ನೇ ಪೋರ್ಟಿಗೆ ನೇರವಾಗಿ ಸಂಪರ್ಕ ಮಾಡಿ ಮಾತಾಡುತ್ತದೆ. ಈ ಕೂಗು ರೂಟರ್ ದಾಟಿ ಇನ್ನೊಂದು ನೆಟ್‌ವರ್ಕಿಗೆ ಹೋಗುವುದಿಲ್ಲ. ಅದನ್ನು ಮಾಡಿರುವುದೇ ಒಂದು ಮನೆಯೊಳಗಿನ ಬಳಕೆಗೆ.

ಈಗ ಹೋಟೆಲಿಗೆ ಬನ್ನಿ. ಹಳೆಯ ಲಾಡ್ಜುಗಳಲ್ಲಿ ಇಂಟರ್‌ಕಾಮ್ ಇರುತ್ತಿತ್ತು. 9 ಒತ್ತಿದರೆ ರಿಸೆಪ್ಶನ್. ಕೆಲವು ಕಡೆ ರಿಸೆಪ್ಶನ್ ಬಿಟ್ಟರೆ ಬೇರೆ ಎಲ್ಲಿಗೂ ಫೋನ್ ಹೋಗದ ಹಾಗೆ ಮಾಡಿರುತ್ತಿದ್ದರು. ಪಕ್ಕದ ರೂಮಿನ ನಂಬರ್ ಒತ್ತಿದರೆ ಏನೂ ಇಲ್ಲ. ನಾವು ವೈಫೈನಲ್ಲಿ ಮಾಡುವುದು ಇದನ್ನೇ. ಆಕ್ಸೆಸ್ ಪಾಯಿಂಟಿನ, ಅಂದರೆ ವೈಫೈ ಹರಡುವ ಡಬ್ಬಿಯ ಸೆಟ್ಟಿಂಗ್‌ನಲ್ಲಿ `Client Isolation` ಅಥವಾ `AP Isolation` ಅಂತ ಇರುತ್ತದೆ. ಟಿಕ್ ಹಾಕಿದರೆ ಪ್ರತಿ ಫೋನೂ ಗೇಟ್‌ವೇ ಜೊತೆ, ಅಂದರೆ ಇಂಟರ್ನೆಟ್ಟಿಗೆ ಹೋಗುವ ಬಾಗಿಲಿನ ಜೊತೆ ಮಾತ್ರ ಮಾತಾಡಬಹುದು. ಪಕ್ಕದಲ್ಲೇ ಇರುವ ಇನ್ನೊಂದು ಸಾಧನಕ್ಕೆ ಕಳಿಸಿದ್ದನ್ನೆಲ್ಲ ಆಕ್ಸೆಸ್ ಪಾಯಿಂಟ್ ಎಸೆದುಬಿಡುತ್ತದೆ. ಕೂಗೂ ಹೋಗುವುದಿಲ್ಲ, ನೇರ ಮಾತೂ ಹೋಗುವುದಿಲ್ಲ. ಫೋನು ಮತ್ತು ಟಿವಿ ಎರಡರಲ್ಲೂ ಒಂದೇ ವೈಫೈ ಹೆಸರು ಕಾಣುತ್ತದೆ, ಎರಡಕ್ಕೂ ಇಂಟರ್ನೆಟ್ ಬರುತ್ತದೆ. ಆದರೂ ಒಂದಕ್ಕೊಂದು ಗೊತ್ತೇ ಇಲ್ಲ.

ಯಾಕೆ ಹೀಗೆ ಮಾಡುತ್ತೇವೆ? ಶುರುವಿನ ದಿನಗಳಲ್ಲಿ ಒಂದು ಲಾಡ್ಜಿಗೆ ನಾನು ಈ ಟಿಕ್ ಹಾಕದೆ ಬಿಟ್ಟಿದ್ದೆ. ಅಲ್ಲಿ ಕಾಸ್ಟ್ ಇರುವ ಸ್ಮಾರ್ಟ್ ಟಿವಿಗಳಿದ್ದವು. ಒಂದು ರಾತ್ರಿ ಮಾಲೀಕರು ಫೋನ್ ಮಾಡಿದರು. ಮೇಲಿನ ಮಹಡಿಯ ಮಗುವೊಂದು ಕಾರ್ಟೂನ್ ಹಾಕಿದರೆ ಕೆಳಗಿನ ರೂಮಿನ ವಯಸ್ಸಾದ ದಂಪತಿಯ ಟಿವಿಯಲ್ಲಿ ಓಡುತ್ತಿತ್ತು. ಅವರು ನಿಲ್ಲಿಸಿದರೆ ಮಗು ಮತ್ತೆ ಹಾಕುತ್ತಿತ್ತು. ಫೋನಿನ ಪಟ್ಟಿಯಲ್ಲಿ ಎಲ್ಲಾ ರೂಮಿನ ಟಿವಿಗಳೂ ಕಾಣುತ್ತಿದ್ದವು, ಮಗು ಸಿಕ್ಕಿದ್ದನ್ನು ಒತ್ತಿತ್ತು. ಅವತ್ತು ಕಾರ್ಟೂನ್. ಬೇರೆ ಯಾರಾದರೂ ಬೇರೆ ಏನಾದರೂ ಹಾಕಿದ್ದರೆ? ಟಿವಿ ಬಿಡಿ, ಒಬ್ಬ ಅತಿಥಿಯ ಲ್ಯಾಪ್‌ಟಾಪಿನಲ್ಲಿ ಹಂಚಿಟ್ಟ ಫೋಲ್ಡರ್ ಇನ್ನೊಬ್ಬರಿಗೆ ತೆರೆಯುತ್ತದೆ. ರಿಸೆಪ್ಶನ್ನಿನ ಪ್ರಿಂಟರ್ ಎಲ್ಲರಿಗೂ ಸಿಗುತ್ತದೆ. ಅವತ್ತಿನಿಂದ ಅತಿಥಿಗಳ ವೈಫೈನಲ್ಲಿ ಆ ಟಿಕ್ ಹಾಕದೆ ನಾನು ಮನೆಗೆ ಹೋಗುವುದಿಲ್ಲ. ರಿಸೆಪ್ಶನ್ನಿಗೆ ಹೋಗಿ "ಅದನ್ನು ತೆಗೀರಿ" ಅಂತ ಕೇಳಬೇಡಿ ಅಂತಲೂ ಇದಕ್ಕೇ ಹೇಳುತ್ತೇನೆ. ಅದು ನಿಮ್ಮನ್ನೂ ಕಾಯುತ್ತಿರುತ್ತದೆ.

ಎರಡನೇ ದಾರಿ ಮುಚ್ಚುವುದು ಲಾಗಿನ್ ಪುಟದಿಂದ. ಹೋಟೆಲ್ ವೈಫೈಗೆ ಸೇರಿದ ಕೂಡಲೇ ಒಂದು ಪುಟ ಬರುತ್ತದೆ. ರೂಮ್ ನಂಬರ್ ಹಾಕಿ, ಮೊಬೈಲ್ ನಂಬರ್ ಹಾಕಿ, ಓಟಿಪಿ ಹಾಕಿ. ಹಳೆಯ ಸ್ಟಿಕ್ಕಿನಲ್ಲಿ ಬ್ರೌಸರ್ ಇಲ್ಲ, ರಿಮೋಟ್ ಇಲ್ಲ. ಅದು ಓಟಿಪಿ ಹೇಗೆ ಹಾಕೀತು? ವೈಫೈಗೆ ಸೇರಿಕೊಂಡರೂ ಲಾಗಿನ್ ಬಾಗಿಲಲ್ಲೇ ನಿಂತಿರುತ್ತದೆ. ರಿಮೋಟ್ ಇರುವ ಹೊಸ ಸ್ಟಿಕ್ಕುಗಳಲ್ಲಿ ಕೆಲವು ಈ ಪುಟವನ್ನು ಟಿವಿಯಲ್ಲೇ ತೋರಿಸುತ್ತವೆ. ಅಂಥದ್ದರಲ್ಲಿ ಲಾಗಿನ್ ಆಗಿ, ರಿಮೋಟಿನಿಂದಲೇ ನೋಡಬಹುದು. ಫೋನಿನಿಂದ ಕಾಸ್ಟ್ ಮಾಡುವುದು ಆಗಲೂ ಆಗುವುದಿಲ್ಲ, ಮೊದಲ ದಾರಿ ಮುಚ್ಚಿಯೇ ಇದೆ.

ಇಲ್ಲಿ ಒಬ್ಬ ಹುಡುಗ ಕೇಳಿದ: "ಸರ್, ಐಸೊಲೇಶನ್ನೇ ಕಾರಣ ಅಂತ ಗೊತ್ತಾಗೋದು ಹೇಗೆ? ನಮ್ಮ ಫೋನಿಂದೇ ಏನಾದ್ರೂ ತೊಂದ್ರೆ ಇರಬಹುದಲ್ವಾ?"

ಇರಬಹುದು. ಮೊದಲು ಅದನ್ನೇ ನೋಡಬೇಕು. ಫೋನಿನಲ್ಲಿ ವಿಪಿಎನ್ ಓಡುತ್ತಿದ್ದರೆ ಮನೆಯಲ್ಲೂ ಕಾಸ್ಟ್ ಗುರುತು ಬರದೇ ಇರಬಹುದು. ಐಫೋನಿನಲ್ಲಿ ಪ್ರತಿ ಆಪ್‌ಗೂ `Local Network` ಅನುಮತಿ ಬೇಕು, ಒಮ್ಮೆ ಬೇಡ ಅಂದಿದ್ದರೆ ಆ ಆಪ್ ಯಾವ ಟಿವಿಯನ್ನೂ ಹುಡುಕುವುದಿಲ್ಲ. ಇವೆರಡೂ ಸರಿ ಇದ್ದರೆ, ಮತ್ತು ಕೈಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ, ಎರಡು ನಿಮಿಷದ ಪರೀಕ್ಷೆ ಇದೆ. ಲ್ಯಾಪ್‌ಟಾಪ್ ಮತ್ತು ಫೋನ್ ಎರಡನ್ನೂ ಹೋಟೆಲ್ ವೈಫೈಗೆ ಸೇರಿಸಿ, ಎರಡರಲ್ಲೂ ಲಾಗಿನ್ ಆಗಿ. ಫೋನಿನ ವೈಫೈ ವಿವರದಲ್ಲಿ ಅದರ ಐಪಿ ವಿಳಾಸ ನೋಡಿಕೊಳ್ಳಿ. ಅದು 10.20.4.58 ಅಂತ ಇಟ್ಟುಕೊಳ್ಳಿ. ಫೋನಿನ ಪರದೆ ಆರಿಹೋಗದ ಹಾಗೆ ನೋಡಿಕೊಂಡು, ಲ್ಯಾಪ್‌ಟಾಪಿನಲ್ಲಿ ಹೀಗೆ ಟೈಪ್ ಮಾಡಿ:

```
ping 10.20.4.58
```

ಇಲ್ಲಿ ಉತ್ತರ ಬರಲಿಲ್ಲ ಅನ್ನುವುದಷ್ಟೇ ಸಾಲದು, ಹೇಗೆ ಬರಲಿಲ್ಲ ಅಂತ ಓದಬೇಕು. `Reply from` ಅಂತ ಫೋನಿನ ವಿಳಾಸದಿಂದಲೇ ಉತ್ತರ ಬಂದರೆ ದಾರಿ ತೆರೆದಿದೆ, ಐಸೊಲೇಶನ್ ಇಲ್ಲ. `Request timed out` ಅಂತ ಬಂದರೆ ಲ್ಯಾಪ್‌ಟಾಪಿಗೆ ಫೋನಿನ ಗುರುತು ಸಿಕ್ಕಿದೆ, ಆದರೆ ನಡುವೆ ಯಾರೋ ಉತ್ತರ ತಡೆದಿದ್ದಾರೆ. ಅದು ಫೈರ್‌ವಾಲ್ ಇರಬಹುದು, ಪರೀಕ್ಷೆ ಅರ್ಧಕ್ಕೆ ನಿಂತ ಹಾಗೆ. `Destination host unreachable` ಅಂತ ಬಂದು, ಅದರ ಮುಂದೆ ಲ್ಯಾಪ್‌ಟಾಪಿನದೇ ವಿಳಾಸ ಇದ್ದರೆ, ಫೋನ್ ಇದೆ ಅಂತಲೇ ಲ್ಯಾಪ್‌ಟಾಪಿಗೆ ಗೊತ್ತಾಗಿಲ್ಲ. ಎರಡೂ ಒಂದೇ ನೆಟ್‌ವರ್ಕಿನಲ್ಲಿದ್ದು, ಎರಡರಲ್ಲೂ ಇಂಟರ್ನೆಟ್ ಓಡುತ್ತಿದ್ದು, ಹೀಗೆ ಬಂದರೆ ಐಸೊಲೇಶನ್ ಅಂತ ತಿಳಿಯಿರಿ.

ಮೂರು ತಿಂಗಳ ನಂತರ ಅದೇ ಊರಿಗೆ, ಅದೇ ಹೋಟೆಲಿಗೆ ಮತ್ತೆ ಹೋಗುವುದಿತ್ತು. ಈ ಸಲ ಚೀಲದಲ್ಲಿ ಟ್ರಾವೆಲ್ ರೂಟರ್ ಇತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಂಗೈಯಲ್ಲಿ ಹಿಡಿಸುತ್ತದೆ. ಜಿಎಲ್ ಐನೆಟ್, ಟಿಪಿ-ಲಿಂಕ್ ಥರದ ಕಂಪನಿಗಳು ಮಾಡುತ್ತವೆ. ಫೋನ್ ಚಾರ್ಜರಿನಲ್ಲೇ ಓಡುತ್ತದೆ.

ಅದು ಮಾಡುವುದು ಇಷ್ಟೇ. ಒಂದು ಕಡೆ ಹೋಟೆಲ್ ವೈಫೈಗೆ ತಾನೇ ಒಬ್ಬ ಅತಿಥಿಯ ಹಾಗೆ ಸೇರಿಕೊಳ್ಳುತ್ತದೆ. ಇನ್ನೊಂದು ಕಡೆ ನಿಮ್ಮ ರೂಮಿನೊಳಗೆ ತನ್ನದೇ ಬೇರೆ ವೈಫೈ ಹರಡುತ್ತದೆ. ನಿಮ್ಮ ಫೋನು, ಸ್ಟಿಕ್ಕು, ಲ್ಯಾಪ್‌ಟಾಪು ಎಲ್ಲಾ ಈ ಒಳಗಿನ ವೈಫೈಗೆ ಸೇರುತ್ತವೆ. ಹೋಟೆಲಿಗೆ ಕಾಣುವುದು ಒಂದೇ ಸಾಧನ. ಇಂಟರ್‌ಕಾಮಿನ ಮಾತಿಗೇ ಬರುವುದಾದರೆ, ಮನೆಯವರೆಲ್ಲ ಒಂದೇ ರೂಮಿನಲ್ಲಿ ಕೂತ ಹಾಗೆ. ಹೊರಗೆ ಮಾತಾಡಲು ಒಂದು ಫೋನು, ರಿಸೆಪ್ಶನ್ನಿಗೆ ಮಾತ್ರ ಹೋಗುತ್ತದೆ. ಒಳಗೆ ಒಬ್ಬರಿಗೊಬ್ಬರು ಮಾತಾಡಲು ಫೋನೇ ಬೇಡ. ಫೋನಿನ ಕೂಗು ಸ್ಟಿಕ್ಕಿಗೆ ಕೇಳುವುದು ರೂಮಿನೊಳಗೆ, ಹೋಟೆಲಿನ ಆಕ್ಸೆಸ್ ಪಾಯಿಂಟಿಗೆ ಆ ಮಾತು ಮುಟ್ಟುವುದೇ ಇಲ್ಲ. ಹಾಗಾಗಿ ಹೋಟೆಲಿನ ಐಸೊಲೇಶನ್ ಇದ್ದ ಹಾಗೇ ಇರುತ್ತದೆ, ನಿಮ್ಮ ಕೆಲಸವೂ ಆಗುತ್ತದೆ. ಲಾಗಿನ್ ಪುಟದ ತೊಂದರೆಯೂ ಇದರಿಂದಲೇ ಹೋಗುತ್ತದೆ. ಲಾಗಿನ್ ಆಗಬೇಕಾದ್ದು ಒಂದೇ ಸಾಧನ. ಅದಕ್ಕಾಗಿ ಓಟಿಪಿಯನ್ನು ನಿಮ್ಮ ಫೋನಿನಿಂದ ಹಾಕಬಹುದು.

ಅವತ್ತು ಮಾಡಿದ್ದನ್ನು ಹಾಗೆಯೇ ಹೇಳುತ್ತೇನೆ.

ಅರ್ಧ ಕೆಲಸ ದಾವಣಗೆರೆಯ ಮನೆಯಲ್ಲೇ ಮುಗಿಸಿದ್ದೆ. ಟ್ರಾವೆಲ್ ರೂಟರಿಗೆ ಒಂದು ಹೆಸರು, ಒಂದು ಪಾಸ್‌ವರ್ಡ್ ಕೊಟ್ಟು, ಸ್ಟಿಕ್ಕನ್ನು ಮನೆಯ ಟಿವಿಗೆ ಹಾಕಿ, ಆ ರೂಟರಿನ ವೈಫೈಗೇ ಸೇರಿಸಿ ಇಟ್ಟಿದ್ದೆ. ಇದು ಬಹಳ ಮುಖ್ಯ. ಸ್ಟಿಕ್ಕಿಗೆ ಹೋಟೆಲಿನ ವೈಫೈ ಯಾವುದು ಅಂತ ಗೊತ್ತಾಗುವುದೇ ಬೇಡ. ಯಾವ ಊರಿಗೆ ಹೋದರೂ ಅದಕ್ಕೆ ಗೊತ್ತಿರುವುದು ನಿಮ್ಮ ರೂಟರ್ ಒಂದೇ. ಕರೆಂಟ್ ಕೊಟ್ಟರೆ ತಾನೇ ಹುಡುಕಿ ಸೇರಿಕೊಳ್ಳುತ್ತದೆ.

ಹೋಟೆಲಿನಲ್ಲಿ ರೂಟರಿಗೆ ಫೋನಿನ ಚಾರ್ಜರ್ ಹಾಕಿದೆ. 5 ವೋಲ್ಟ್, 2 ಆಂಪಿಯರ್‌ನದು. ಟಿವಿಯ ಹಿಂದಿನ ಯುಎಸ್‌ಬಿ ಕಿಂಡಿಗೆ ಚುಚ್ಚಬೇಡಿ. ಎಷ್ಟೋ ಟಿವಿಗಳಲ್ಲಿ ಅಲ್ಲಿ ಅರ್ಧ ಆಂಪಿಯರ್ ಮಾತ್ರ ಸಿಗುತ್ತದೆ. ದೀಪ ಹತ್ತುತ್ತದೆ, ಸ್ವಲ್ಪ ಹೊತ್ತು ಓಡುತ್ತದೆ, ಕೆಲಸ ಜಾಸ್ತಿಯಾದಾಗ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಜನ ಅದನ್ನು ವೈಫೈ ತೊಂದರೆ ಅಂದುಕೊಂಡು ಒದ್ದಾಡುತ್ತಾರೆ. ಸ್ಟಿಕ್ಕಿಗೂ ಇದೇ ಮಾತು.

ಆಮೇಲೆ ಫೋನನ್ನು ರೂಟರಿನ ವೈಫೈಗೆ ಸೇರಿಸಿದೆ. ಮೊಬೈಲ್ ಡೇಟಾ ಆಫ್ ಮಾಡಿದೆ, ಇಲ್ಲದಿದ್ದರೆ "ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ" ಅಂತ ಫೋನು ತಾನಾಗಿಯೇ ಡೇಟಾಕ್ಕೆ ಜಾರಿಕೊಳ್ಳುತ್ತದೆ. ಬ್ರೌಸರಿನಲ್ಲಿ 192.168.8.1 ತೆರೆದೆ. ನನ್ನ ರೂಟರಿನ ಸೆಟ್ಟಿಂಗ್ ಪುಟ ಅಲ್ಲಿರುತ್ತದೆ, ನಿಮ್ಮದು ಬೇರೆ ಇದ್ದರೆ ಡಬ್ಬಿಯ ಹಿಂದೆ ಬರೆದಿರುತ್ತದೆ. ಅಲ್ಲಿ `Repeater` ಒತ್ತಿ, ಸುತ್ತಲಿನ ವೈಫೈಗಳಲ್ಲಿ ಹೋಟೆಲಿನದನ್ನು ಆರಿಸಿದೆ. ಸೇರಿಕೊಂಡಿತು.

ಇನ್ನು ಲಾಗಿನ್ ಪುಟ. ಅದು ಬರಲಿಲ್ಲ. ಇಲ್ಲೇ ಬಹಳ ಜನ ಸೋತು ರೂಟರನ್ನು ಚೀಲಕ್ಕೆ ಹಾಕುತ್ತಾರೆ. ಪುಟ ಬರದಿರಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ನೀವು ತೆರೆಯಲು ಹೋದದ್ದು `https` ಪುಟ. ಅದನ್ನು ಹೋಟೆಲಿನವರು ನಡುವೆ ಹಿಡಿದು ತಮ್ಮ ಪುಟಕ್ಕೆ ತಿರುಗಿಸಲು ಆಗುವುದಿಲ್ಲ, ಬ್ರೌಸರ್ ಎಚ್ಚರಿಕೆ ಕೊಟ್ಟು ನಿಲ್ಲಿಸುತ್ತದೆ. ಅದಕ್ಕೆ `http://neverssl.com` ಅಂತ ಟೈಪ್ ಮಾಡಿ. ಈ ಕೆಲಸಕ್ಕೆಂದೇ ಇಟ್ಟಿರುವ ಸಾದಾ ಪುಟ ಅದು. ಎರಡು, ರೂಟರಿನಲ್ಲಿರುವ `DNS Rebinding Attack Protection` ಎಂಬ ರಕ್ಷಣೆ. ಲಾಗಿನ್ ಪುಟದ ಹೆಸರು ಹೋಟೆಲಿನ ಒಳಗಿನ ಖಾಸಗಿ ವಿಳಾಸಕ್ಕೆ ತಿರುಗುವುದನ್ನು ಕಂಡು ಅದು ಅನುಮಾನ ಪಟ್ಟು ತಡೆಯುತ್ತದೆ. ಲಾಗಿನ್ ಆಗುವ ತನಕ ಅದನ್ನು ಆಫ್ ಮಾಡಬೇಕು. ವಿಪಿಎನ್ ಅಥವಾ ಬೇರೆ ಡಿಎನ್ಎಸ್ ಹಾಕಿದ್ದರೆ ಅದನ್ನೂ. ನನ್ನದು ಈ ಎರಡನೆಯ ಕಾರಣ. ಆಫ್ ಮಾಡಿದ ಕೂಡಲೇ ಪುಟ ಬಂತು. ರೂಮ್ ನಂಬರ್, ಮೊಬೈಲ್ ನಂಬರ್, ಓಟಿಪಿ. ಆಯಿತು. ಆ ಕ್ಷಣದಿಂದ ಹೋಟೆಲಿನ ಲೆಕ್ಕದಲ್ಲಿ ಲಾಗಿನ್ ಆಗಿರುವುದು ನನ್ನ ರೂಟರು. ಅದರ ಹಿಂದೆ ಇರುವುದಕ್ಕೆಲ್ಲ ಇಂಟರ್ನೆಟ್ ಸಿಗುತ್ತದೆ.

ಸ್ಟಿಕ್ ಆಗಲೇ ಟಿವಿಯಲ್ಲಿ ತನ್ನ ಚಿತ್ರ ತೋರಿಸುತ್ತಿತ್ತು. ಗೂಗಲ್ ಫೋಟೋಸ್ ತೆರೆದೆ, ಕಾಸ್ಟ್ ಗುರುತು ಬಂದಿತ್ತು. ಒತ್ತಿದೆ. ಮಗುವಿಗೆ ಆಗ ನಾಲ್ಕು ತಿಂಗಳು ಸಮೀಪ, ಅಷ್ಟರಲ್ಲಿ ಇನ್ನೂ ಎಷ್ಟೋ ವಿಡಿಯೋ ಬಂದಿದ್ದವು. ಆದರೂ ಅವ್ವ ಮೊದಲು ಕೇಳಿದ್ದು ತೊಟ್ಟಿಲಿನದನ್ನೇ. ಮೂರು ಸಲ ನೋಡಿದರು.

ಒಂದು ಸೂಚನೆ ಇಲ್ಲೇ ಹೇಳಿಬಿಡುತ್ತೇನೆ. ಆ ಎರಡು ದಾರಿ ನೆನಪಿದೆಯಲ್ಲ? ಕಾಸ್ಟ್ ಗುರುತೇ ಬರದಿದ್ದರೆ ತೊಂದರೆ ರೂಮಿನೊಳಗಿದೆ. ಫೋನು, ಸ್ಟಿಕ್ಕು ಎರಡೂ ನಿಮ್ಮ ರೂಟರಿಗೆ ಸೇರಿವೆಯೇ ನೋಡಿ. ಗುರುತು ಬಂದು, ಒತ್ತಿದ ಮೇಲೆ ಟಿವಿಯಲ್ಲಿ ಚಕ್ರ ಸುತ್ತುತ್ತಲೇ ಇದ್ದರೆ ತೊಂದರೆ ಹೊರಗಿದೆ. ಹೋಟೆಲ್ ಲಾಗಿನ್ನಿನ ಅವಧಿ ಮುಗಿದಿರಬಹುದು. ನನಗೆ ಮರುದಿನ ಬೆಳಿಗ್ಗೆ ಹಾಗೇ ಆಯಿತು. ಮತ್ತೊಂದು ಸಲ ಓಟಿಪಿ ಹಾಕಿದೆ, ಸರಿಹೋಯಿತು. ಸ್ಟಿಕ್ಕನ್ನು ರೀಸೆಟ್ ಮಾಡಲು ಹೋಗಬೇಡಿ. ರೀಸೆಟ್ ಮಾಡಿದರೆ ಮನೆಯಲ್ಲಿ ಮಾಡಿಟ್ಟದ್ದೆಲ್ಲ ಅಳಿಸಿಹೋಗುತ್ತದೆ.

ವೇಗದ ಬಗ್ಗೆ ಒಂದೆರಡು ಮಾತು. ಒಂದೇ ಬ್ಯಾಂಡಿನ ರೂಟರ್ ಆದರೆ ಹೋಟೆಲ್ ಜೊತೆಗೂ ನಿಮ್ಮ ಸಾಧನಗಳ ಜೊತೆಗೂ ಒಂದೇ ರೇಡಿಯೋದಲ್ಲಿ ಸರದಿ ಮೇಲೆ ಮಾತಾಡಬೇಕು, ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಎರಡು ಬ್ಯಾಂಡ್ ಇದ್ದರೆ ಹೋಟೆಲ್ ಕಡೆಗೆ 5 ಗಿಗಾಹರ್ಟ್ಸ್, ರೂಮಿನ ಕಡೆಗೆ 2.4 ಇಟ್ಟುಕೊಳ್ಳಿ. ಫುಲ್ ಎಚ್‌ಡಿ ವಿಡಿಯೋಗೆ ಸೆಕೆಂಡಿಗೆ 5 ಮೆಗಾಬಿಟ್ ಸಾಕು. ಹೋಟೆಲ್ ಕೊಡುವುದೇ 2 ಆದರೆ ಯಾವ ರೂಟರೂ ಏನೂ ಮಾಡಲಾರದು.

ಈ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೇಳಿದರು: "ಮನೇಲಿ ವೈಫೈ ಎಕ್ಸ್‌ಟೆಂಡರ್ ಐತಪ್ಪ. ಅದನ್ನೇ ಒಯ್ದರೆ ಆಗಲ್ವಾ? ಸುಮ್ನೆ ಇನ್ನೊಂದಕ್ಕೆ ಯಾಕೆ ದುಡ್ಡು?"

ಒಳ್ಳೆಯ ಪ್ರಶ್ನೆ ಯಜಮಾನರೇ. ಆಗುವುದಿಲ್ಲ, ಮತ್ತು ಯಾಕೆ ಅಂತ ತಿಳಿಯುವುದು ಮುಖ್ಯ. ಎಕ್ಸ್‌ಟೆಂಡರ್ ಹೋಟೆಲಿನ ವೈಫೈಯನ್ನೇ ಉದ್ದ ಮಾಡುತ್ತದೆ. ಅದಕ್ಕೆ ಸೇರಿದ ಫೋನಿಗೆ ವಿಳಾಸ ಕೊಡುವುದು ಹೋಟೆಲ್, ಲೆಕ್ಕ ಇಡುವುದು ಹೋಟೆಲ್. ಬೇರೆ ಗೋಡೆ ಎದ್ದೇ ಇಲ್ಲ. ಪ್ರತಿ ಸಾಧನಕ್ಕೂ ಬೇರೆ ಲಾಗಿನ್ ಬೇಕಾಗುತ್ತದೆ, ಸ್ಟಿಕ್ ಮತ್ತೆ ಬಾಗಿಲಲ್ಲೇ ನಿಲ್ಲುತ್ತದೆ. ನಮಗೆ ಬೇಕಾದ್ದು ತನ್ನದೇ ವಿಳಾಸಗಳನ್ನು ಹಂಚುವ ರೂಟರ್. ಕೊಳ್ಳುವಾಗ ಹೆಸರು ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ಹೆಸರಿಡುತ್ತದೆ. ನನ್ನ ರೂಟರಿನಲ್ಲಿ `Repeater` ಅಂದರೂ ಅದು ರೂಟರಾಗಿಯೇ ಕೆಲಸ ಮಾಡುತ್ತದೆ. ಇನ್ನೊಂದರಲ್ಲಿ `Range Extender` ಬೇರೆ, `WISP` ಅಥವಾ `Hotspot` ಬೇರೆ ಇರುತ್ತವೆ, ಬೇಕಾದ್ದು ಎರಡನೆಯದು. ಸರಿಯಾಗಿದೆಯೇ ಅಂತ ನೋಡುವುದು ಸುಲಭ. ಫೋನಿನ ಐಪಿ ವಿಳಾಸ 192.168.8 ಅಂತ ನಿಮ್ಮ ರೂಟರಿನದಾಗಿದ್ದರೆ ಸರಿ. 10.20.4 ಅಂತ ಹೋಟೆಲಿನದೇ ಬಂದರೆ ನೀವಿನ್ನೂ ಹೋಟೆಲಿನ ನೆಟ್‌ವರ್ಕಿನಲ್ಲೇ ಇದ್ದೀರಿ.

ಇನ್ನು ದುಡ್ಡಿನ ಮಾತು. ವರ್ಷಕ್ಕೊಂದು ಸಲ ಹೋಟೆಲಿಗೆ ಹೋಗುವವರು ರೂಟರ್ ಕೊಳ್ಳಬೇಕಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ `Mobile hotspot` ಇದೆ. ಲ್ಯಾಪ್‌ಟಾಪನ್ನು ಹೋಟೆಲ್ ವೈಫೈಗೆ ಸೇರಿಸಿ, ಓಟಿಪಿ ಹಾಕಿ, ಹಾಟ್‌ಸ್ಪಾಟ್ ಆನ್ ಮಾಡಿದರೆ ಅದೇ ಟ್ರಾವೆಲ್ ರೂಟರಿನ ಹಾಗೆ ಕೆಲಸ ಮಾಡುತ್ತದೆ. 8 ಸಾಧನ ಸೇರಿಸಬಹುದು. ಲ್ಯಾಪ್‌ಟಾಪ್ ನಿದ್ದೆಗೆ ಹೋಗದ ಹಾಗೆ ನೋಡಿಕೊಳ್ಳಬೇಕು, ಅಷ್ಟೇ. ಲ್ಯಾಪ್‌ಟಾಪೂ ಇಲ್ಲದಿದ್ದರೆ ಒಂದು ಫೋನಿನ ಹಾಟ್‌ಸ್ಪಾಟಿಗೆ ಸ್ಟಿಕ್ಕನ್ನೂ ಇನ್ನೊಂದು ಫೋನನ್ನೂ ಸೇರಿಸಿ ಕಾಸ್ಟ್ ಮಾಡಬಹುದು. ಆಗ ಹೋಗುವುದು ನಿಮ್ಮ ಮೊಬೈಲ್ ಡೇಟಾ. ಎಚ್‌ಡಿ ವಿಡಿಯೋ ಗಂಟೆಗೆ 3 ಜಿಬಿ ತನಕ ತಿನ್ನುತ್ತದೆ. ದಿನಕ್ಕೆ 2 ಜಿಬಿಯ ಪ್ಯಾಕ್ ಇದ್ದರೆ ಸಿನಿಮಾ ಅರ್ಧಕ್ಕೇ ನಿಲ್ಲುತ್ತದೆ.

ರೂಮಿನ ಟಿವಿಯಲ್ಲೇ ಯೂಟ್ಯೂಬ್ ಇದ್ದು, ಅದಕ್ಕೆ ಇಂಟರ್ನೆಟ್ ಬರುತ್ತಿದ್ದರೆ ಇನ್ನೂ ಸುಲಭದ ದಾರಿಯಿದೆ. ಟಿವಿಯ ಯೂಟ್ಯೂಬ್ ಸೆಟ್ಟಿಂಗ್‌ನಲ್ಲಿ `Link with TV code` ಒತ್ತಿದರೆ ಒಂದು ಕೋಡ್ ಬರುತ್ತದೆ. ಅದನ್ನು ಫೋನಿನ ಯೂಟ್ಯೂಬಿನಲ್ಲಿ ಹಾಕಿ. ಇಲ್ಲಿ ಫೋನು ಮತ್ತು ಟಿವಿ ನೇರವಾಗಿ ಮಾತಾಡುವುದಿಲ್ಲ, ಎರಡೂ ಇಂಟರ್ನೆಟ್ಟಿಗೆ ಹೋಗಿ ಅಲ್ಲಿ ಜೊತೆಯಾಗುತ್ತವೆ. ಹಾಗಾಗಿ ಐಸೊಲೇಶನ್ ಅಡ್ಡ ಬರುವುದಿಲ್ಲ. ರೂಮು ಬಿಡುವಾಗ ಆ ಜೋಡಣೆ ತೆಗೆದು ಹೋಗಿ.

ಈಗ ಆಫೀಸಿನ ಮಾತು. ಇಲ್ಲಿ ನನ್ನ ಸಲಹೆ ಪೂರ್ತಿ ಬೇರೆ. ಆಫೀಸಿಗೆ ಟ್ರಾವೆಲ್ ರೂಟರ್ ಒಯ್ಯಬೇಡಿ.

ಇದೇ ಊರಿನ ಒಂದು ಆಫೀಸಿನಿಂದ ಬೆಳಿಗ್ಗೆ ಹನ್ನೊಂದಕ್ಕೆ ನನಗೆ ಕರೆ ಬಂತು. ಒಂದು ಮಹಡಿಯಲ್ಲಿ ಅರ್ಧ ಜನಕ್ಕೆ ನೆಟ್ ಇಲ್ಲ. ಕಂಪ್ಯೂಟರ್ ಆನ್ ಮಾಡಿದವರಿಗೆಲ್ಲ ಒಬ್ಬೊಬ್ಬರಾಗಿ ಹೋಗುತ್ತಿತ್ತು, ಮುಂಚೆಯೇ ಆನ್ ಇದ್ದವರಿಗೆ ಸರಿ ಇತ್ತು. ನಾನು ಹೋಗಿ ಒಂದು ಕಂಪ್ಯೂಟರಿನಲ್ಲಿ `ipconfig` ಹಾಕಿದೆ. ಆಫೀಸಿನ ವಿಳಾಸ ಇರಬೇಕಾದ ಜಾಗದಲ್ಲಿ 192.168.8.131. ಅದನ್ನು ನೋಡಿದ ಕೂಡಲೇ ಗೊತ್ತಾಯಿತು. ಮೀಟಿಂಗ್ ರೂಮಿನಲ್ಲಿ ಟಿವಿಗೆ ಕಾಸ್ಟ್ ಮಾಡಬೇಕು ಅಂತ ಒಬ್ಬರು ಮನೆಯಿಂದ ಟ್ರಾವೆಲ್ ರೂಟರ್ ತಂದು, ಗೋಡೆಯ ಕೇಬಲನ್ನು ಅದರ `LAN` ಕಿಂಡಿಗೆ ಚುಚ್ಚಿದ್ದರು. ಹೋಗಬೇಕಾದ್ದು ಹೊರಗಿನ ನೆಟ್ ಒಳಗೆ ಬರುವ `WAN` ಕಿಂಡಿಗೆ. `LAN` ಕಿಂಡಿಯಿಂದ ಆ ಪುಟ್ಟ ರೂಟರ್ ಇಡೀ ಮಹಡಿಗೆ ವಿಳಾಸ ಹಂಚಲು ಶುರು ಮಾಡಿತ್ತು. ಹೊಸದಾಗಿ ಆನ್ ಆದ ಕಂಪ್ಯೂಟರುಗಳು ಯಾರು ಮೊದಲು ಕೊಟ್ಟರೋ ಅವರ ವಿಳಾಸ ತೆಗೆದುಕೊಂಡಿದ್ದವು. ಕೇಬಲ್ ಕಿತ್ತು, ಎಲ್ಲರ ವಿಳಾಸ ಹೊಸದು ಮಾಡಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಅವರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಪಾಪ, ಗೊತ್ತಿರಲಿಲ್ಲ.

ಸರಿಯಾದ ಕಿಂಡಿಗೇ ಚುಚ್ಚಿದ್ದರೂ ಅದು ತಪ್ಪೇ. ಆಫೀಸಿನ ಫೈರ್‌ವಾಲಿಗೆ ಗೊತ್ತಿಲ್ಲದ ಒಂದು ವೈಫೈ ಒಳಗೆ ಎದ್ದು ನಿಲ್ಲುತ್ತದೆ. ಅದರ ಪಾಸ್‌ವರ್ಡ್ ಸಿಕ್ಕವರು ರಸ್ತೆಯಲ್ಲಿ ನಿಂತು ಒಳಗೆ ಬರಬಹುದು. ಆಫೀಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರನ್ನು ಕೇಳಿ. ಮೀಟಿಂಗ್ ರೂಮಿನ ಟಿವಿಯ ಕೂಗನ್ನು ಮಾತ್ರ ಈ ನೆಟ್‌ವರ್ಕಿನಿಂದ ಆ ನೆಟ್‌ವರ್ಕಿಗೆ ದಾಟಿಸುವ ಸೌಲಭ್ಯ ದೊಡ್ಡ ಕಂಪನಿಗಳ ವೈಫೈ ಸಲಕರಣೆಗಳಲ್ಲಿ ಇರುತ್ತದೆ. ಕೂಗು ದಾಟಿಸಿದರಷ್ಟೇ ಸಾಲದು, 8009ನೇ ಪೋರ್ಟಿನ ನೇರ ಮಾತಿಗೂ ಅನುಮತಿ ಕೊಡಬೇಕು ಅಂತ ಅವರಿಗೆ ನೆನಪಿಸಿ. ಕೂಗು ಮಾತ್ರ ದಾಟಿಸಿದರೆ ಟಿವಿಯ ಹೆಸರು ಪಟ್ಟಿಯಲ್ಲಿ ಕಾಣುತ್ತದೆ, ಒತ್ತಿದರೆ ಸೇರುವುದಿಲ್ಲ. ಅಷ್ಟೆಲ್ಲ ಬೇಡ ಅಂದರೆ, ಟಿವಿಯಲ್ಲಿ ಮಿರಾಕಾಸ್ಟ್ ಇದೆಯೇ ನೋಡಿ. ವಿಂಡೋಸಿನಲ್ಲಿ `Win + K` ಒತ್ತಿದರೆ ಲ್ಯಾಪ್‌ಟಾಪ್ ಮತ್ತು ಟಿವಿ ವೈಫೈ ಡೈರೆಕ್ಟ್ ಮೂಲಕ ತಮ್ಮತಮ್ಮಲ್ಲೇ ಸಂಪರ್ಕ ಮಾಡಿಕೊಳ್ಳುತ್ತವೆ, ನಡುವೆ ಆಫೀಸಿನ ವೈಫೈ ಬೇಕಿಲ್ಲ. ಇಲ್ಲವೇ ಮೇಜಿನ ಮೇಲೆ ಒಂದು ಉದ್ದದ ಎಚ್‌ಡಿಎಂಐ ಕೇಬಲ್. ನಾನು ಮಾಡಿಕೊಟ್ಟ ಮೀಟಿಂಗ್ ರೂಮುಗಳಲ್ಲೆಲ್ಲ ಆ ಕೇಬಲ್ ಇದ್ದೇ ಇರುತ್ತದೆ.

ಕೊನೆಗೆ ಮುಂದೆ ಕೂತಿದ್ದ ಒಬ್ಬ ಅಕ್ಕ ಕೇಳಿದರು. ಅವರದು ಹನ್ನೆರಡು ರೂಮಿನ ಲಾಡ್ಜು. "ಟಿವಿಗೆ ಹಾಕಕ್ಕೆ ಆಗ್ತಿಲ್ಲ ಅಂತ ಗೆಸ್ಟುಗಳು ದಿನಾ ಕೇಳ್ತಾರೆ. ನೀವು ಆ ಟಿಕ್ ತೆಗೀಬೇಡಿ ಅಂತೀರಿ. ನಾವೇನು ಮಾಡೋಣ?"

ಅಕ್ಕ, ನಿಮ್ಮ ಲಾಡ್ಜಿನಲ್ಲಿ ಪ್ರತಿ ರೂಮಿಗೂ ಕೇಬಲ್ ಹೋಗಿದೆಯೇ ಅಂತ ಕೇಳಿದೆ. ಹೋಗಿದೆ ಅಂದರು. ಹಾಗಾದರೆ ದಾರಿ ಸುಲಭ. ಪ್ರತಿ ರೂಮಿಗೂ ಒಂದೊಂದು ಸಾದಾ ಸಣ್ಣ ರೂಟರ್ ಇಡಿ. ರೂಮಿನ ಟಿವಿಯನ್ನು ಅದಕ್ಕೇ ಸೇರಿಸಿ. ಅತಿಥಿಗೆ ಆ ರೂಮಿನ ವೈಫೈ ಹೆಸರು, ಪಾಸ್‌ವರ್ಡ್ ಮಾತ್ರ ಕೊಡಿ. ಅತಿಥಿಯ ಫೋನಿಗೆ ತನ್ನ ರೂಮಿನ ಟಿವಿ ಒಂದೇ ಕಾಣುತ್ತದೆ, ಪಕ್ಕದ ರೂಮಿನದು ಕಾಣುವುದಿಲ್ಲ. ಕೆಳಗಿನ ಸ್ವಿಚ್ಚಿನಲ್ಲಿ ಹನ್ನೆರಡು ರೂಟರುಗಳೂ ಒಂದಕ್ಕೊಂದು ಮಾತಾಡದ ಹಾಗೆ `Port Isolation` ಹಾಕಿಸಿ. ಓಟಿಪಿ ಲಾಗಿನ್ ಇಟ್ಟಿದ್ದರೆ ಒಂದು ವಿಷಯ ಗಮನಿಸಬೇಕು. ಹಿಂದಿನ ಅತಿಥಿಯ ಲಾಗಿನ್ನಿನಲ್ಲೇ ಮುಂದಿನವರು ಓಡಿಸುವ ಹಾಗೆ ಆಗಬಾರದು. ರೂಮು ಖಾಲಿಯಾದಾಗ ಆ ರೂಟರಿನ ಲಾಗಿನ್ ಕಡಿದು, ಪಾಸ್‌ವರ್ಡ್ ಬದಲಿಸಿ, ಟಿವಿಯಲ್ಲೂ ಹೊಸ ಪಾಸ್‌ವರ್ಡ್ ಹಾಕಬೇಕು. ಹನ್ನೆರಡು ರೂಮಿಗೆ ಇದು ಕೈಯಿಂದ ಮಾಡುವಷ್ಟೇ ಕೆಲಸ. ಐವತ್ತು ರೂಮಾದರೆ ಆಗುವುದಿಲ್ಲ, ಆಗ ಪ್ರತಿ ರೂಮಿಗೂ ಬೇರೆ ಪಾಸ್‌ವರ್ಡ್ ಕೊಟ್ಟು ತಾನೇ ಗುಂಪು ಮಾಡುವ ದೊಡ್ಡ ವ್ಯವಸ್ಥೆ ಬೇಕು.

"ಮತ್ತೆ ಕೇಬಲ್?" ಅಂದರು ಅಕ್ಕ.

`WAN` ಅಂತ ಬರೆದ ಕಿಂಡಿಗೆ. ಹನ್ನೆರಡೂ ರೂಮಿನಲ್ಲಿ. ರೂಮು ಗುಡಿಸುವ ಹುಡುಗರಿಗೂ ತೋರಿಸಿಡಿ, ರೂಟರ್ ಸರಿಸಿದಾಗ ಕಿತ್ತುಬಂದ ಕೇಬಲನ್ನು ಮತ್ತೆ ಚುಚ್ಚುವವರು ಅವರೇ.